ಹಳೇ ಷೇರಿನ ಮೇಲೆ ಕಾಲ್ ಮಾರಿ ತಿಂಗಳ ಖರ್ಚು ತೆಗೆಯಬಹುದಾ?

ಕೇಳಿದವರು, ಮೈಸೂರು: ನಿವೃತ್ತಿಯಾಗಿದೆ, ಪಿಂಚಣಿ ಬರುತ್ತದೆ. ಒಂದು ಬ್ಯಾಂಕಿನ 700 ಷೇರು ಇವೆ. 2019ರಲ್ಲಿ 400 ರೂಪಾಯಿಯಂತೆ ಕೊಂಡದ್ದು, ಈಗ 1,000ದ ಆಸುಪಾಸು. ಮಾರುವ ಮನಸ್ಸಿಲ್ಲ. ಕವರ್ಡ್ ಕಾಲ್ ಬರೆದರೆ ತಿಂಗಳಿಗೆ ಏಳೆಂಟು ಸಾವಿರ ಸಿಗುತ್ತದಂತೆ. ಮಾಡಿ ನೋಡಿದವರು ಹೇಳಿ.

ಮಂಡ್ಯದಿಂದ: ಕವರ್ ಆರ್ಡರ್ ತಾನೇ? ಸ್ಟಾಪ್‌ಲಾಸ್ ಜೊತೆಗೇ ಬೀಳುತ್ತದೆ, ಮಧ್ಯಾಹ್ನ ಮೂರೂವರೆಯೊಳಗೆ ಕೆಲಸ ಮುಗಿದಿರುತ್ತದೆ. ನನಗಂತೂ ಅದರಿಂದ ಏನೂ ದಕ್ಕಲಿಲ್ಲ.

ವಿಜಯನಗರದಿಂದ: ಅದಲ್ಲ ಸ್ವಾಮಿ, ಅದು ಇಂಟ್ರಾಡೇ. ಇವರು ಕೇಳ್ತಿರೋದು ಇರುವ ಷೇರಿನ ಮೇಲೆ ಕಾಲ್ ಆಪ್ಷನ್ ಮಾರುವುದು. ಅಂದರೆ ಎಕ್ಸ್‌ಪೈರಿ ದಿನ ಒಂದು ನಿಗದಿತ ಬೆಲೆಗೆ, ಅದೇ ಸ್ಟ್ರೈಕ್, ಷೇರು ಕೊಳ್ಳುವ ಹಕ್ಕನ್ನು ಬೇರೆಯವರಿಗೆ ಮಾರಿ ಪ್ರೀಮಿಯಂ ಪಡೆಯುವುದು. ಸುಲಭ ಸರ್. ಈಗಿನ ಬೆಲೆಗಿಂತ ಸ್ವಲ್ಪ ಮೇಲಿನ ಸ್ಟ್ರೈಕ್ ಮಾರಿ. ಷೇರು ಅಲ್ಲಿಗೆ ಮುಟ್ಟದಿದ್ದರೆ ಪ್ರೀಮಿಯಂ ನಿಮ್ಮದು. ದಾಟಿದರೆ ಮಾರುಕಟ್ಟೆಯಲ್ಲಿ ಹೊಸದಾಗಿ 700 ಕೊಂಡು ಅದನ್ನೇ ಕೊಟ್ಟುಬಿಡಿ. ಹಳೆಯದು ಹಾಗೇ ಉಳಿಯುತ್ತದೆ.

ಸರಸ್ವತಿಪುರಂನಿಂದ: ಕೊನೆಯ ಮಾತು ಅಷ್ಟು ಸಲೀಸಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಎರಡು ವರ್ಷ ಇದನ್ನು ಮಾಡಿದ್ದೇನೆ. ಮೊದಲ ಹದಿನಾಲ್ಕು ತಿಂಗಳು ಸುಖವಾಗಿತ್ತು. ಹದಿನೈದನೇ ತಿಂಗಳು ಷೇರು 1,000ದಲ್ಲಿದ್ದಾಗ 1,060ರ ಕಾಲ್ ಅನ್ನು 12 ರೂಪಾಯಿಗೆ ಮಾರಿದೆ. ಲಾಟ್ 700, ಕೈಗೆ ಬಂದದ್ದು 8,400. ಬ್ಯಾಂಕಿನ ಫಲಿತಾಂಶ ಚೆನ್ನಾಗಿ ಬಂತು. ಎಕ್ಸ್‌ಪೈರಿ ದಿನ ಷೇರು 1,130. ಕಾಗದದ ಮೇಲೆ ಷೇರಿನಲ್ಲಿ 91,000 ಲಾಭ. ಆದರೆ ನಾನು ಮಾರಿದ ಕಾಲ್ 70 ರೂಪಾಯಿ ಆಗಿತ್ತು. ಅದನ್ನು ವಾಪಸ್ ಕೊಳ್ಳಲು 49,000 ನಗದು ಬೇಕು. ಷೇರಿನ ಲಾಭ ಷೇರು ಮಾರಿದರೆ ಮಾತ್ರ ಕೈಗೆ ಬರೋದು, ಅಲ್ವಾ? ಎಫ್‌ಡಿ ಮುರಿದೆ. ಬಂದದ್ದನ್ನು ಕಳೆದರೂ 40,600 ಹೋಯಿತು. ಸುಮಾರು ಐದು ತಿಂಗಳ ಪ್ರೀಮಿಯಂ.

ಸುಮ್ನೆ ಬಿಟ್ಟಿದ್ದರೆ? 2019ರ ಅಕ್ಟೋಬರ್‌ನಿಂದ ಎಲ್ಲ ಸ್ಟಾಕ್ ಆಪ್ಷನ್‌ಗೂ ಷೇರನ್ನೇ ಕೊಡಬೇಕು. ನಿಮ್ಮ 700 ಷೇರು 1,060ರ ಲೆಕ್ಕದಲ್ಲಿ ಹೋಗುತ್ತಿತ್ತು. ನಿಮ್ಮ 400ಕ್ಕೆ ಹೋಲಿಸಿದರೆ ಲಾಭ 4,62,000. ಒಂದೂಕಾಲು ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ. 12.5, ಅಂದರೆ ಸೆಸ್ ಬಿಟ್ಟು 42,125 ತೆರಿಗೆ. ಮಾರುವ ಮನಸ್ಸಿಲ್ಲ ಎಂದಿರಿ. ಆ ನಿರ್ಧಾರ ನಿಮ್ಮ ಕೈಯಿಂದ ಹೋಗುತ್ತದೆ.

ಈಗ ವಿಜಯನಗರದವರು ಹೇಳಿದ, ಹೊಸದು ಕೊಂಡು ಕೊಡುವ ಮಾತು. ಎಲ್ಲ ಒಂದೇ ಡಿಮ್ಯಾಟ್‌ನಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ಮೊದಲು ಬಂದದ್ದೇ ಮೊದಲು ಹೋಗುತ್ತದೆ. ನೀವು ಹೊಸದನ್ನು ಕೊಟ್ಟೆ ಅಂದುಕೊಂಡರೂ 400ರದ್ದೇ ಮಾರಿದ ಹಾಗೆ. ಕೈಯಲ್ಲಿ ಉಳಿಯುವುದು 1,130ರದ್ದು, ಅದರ ವರ್ಷದ ಲೆಕ್ಕ ಹೊಸದಾಗಿ ಶುರು. ಹಳೆಯದು ಬೇರೆ ಡಿಮ್ಯಾಟ್‌ನಲ್ಲಿದ್ದರೆ ಮಾತ್ರ ಅವರು ಹೇಳಿದ್ದು ನಡೆಯುತ್ತದೆ.

ವಿಜಯನಗರದಿಂದ: ಇದು ಗೊತ್ತಿರಲಿಲ್ಲ. ಆದರೆ ನಷ್ಟವನ್ನು ಬೇರೆ ಆದಾಯದ ಜೊತೆ ಕಳೆಯಬಹುದಲ್ಲ?

ಸರಸ್ವತಿಪುರಂನಿಂದ: ಬಾಡಿಗೆ, ಬಡ್ಡಿ ಇದ್ದರೆ ಅದೇ ವರ್ಷ ಕಳೆಯಬಹುದು. ಆದರೆ ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್-ಆಪ್ಷನ್ಸ್ ವಹಿವಾಟಿನ ಲಾಭನಷ್ಟ ವ್ಯಾಪಾರದ ಲೆಕ್ಕಕ್ಕೆ ಬರುತ್ತದೆ, ಪಿಂಚಣಿ ಸಂಬಳದ ಲೆಕ್ಕಕ್ಕೆ. ಈ ನಷ್ಟ ಸಂಬಳದಲ್ಲಿ ಕಳೆಯುವುದಿಲ್ಲ. ಐಟಿಆರ್-3 ತುಂಬುವ ತಲೆನೋವು ಬೇರೆ.

ಮಂಡ್ಯದಿಂದ, ಇನ್ನೊಬ್ಬರು: ನನ್ನ ಕಥೆ ಉಲ್ಟಾ. ಷೇರು 1,000ದಿಂದ 850ಕ್ಕೆ ಬಿತ್ತು. ಪ್ರೀಮಿಯಂ 8,000 ಚಿಲ್ಲರೆ ಉಳಿಯಿತು, ಷೇರಿನಲ್ಲಿ ಲಕ್ಷ ಕರಗಿತು. ಅದನ್ನು ತುಂಬಿಕೊಳ್ಳೋಣ ಅಂತ 900ರ ಕಾಲ್ ಮಾರಿದೆ. ಅದೇ ತಿಂಗಳು ಷೇರು 960ಕ್ಕೆ ಎದ್ದಿತು! ಬಿದ್ದದ್ದೆಲ್ಲ ನನ್ನ ಪಾಲಿಗೆ, ಎದ್ದದ್ದರಲ್ಲಿ ಅರ್ಧ ಯಾರ ಪಾಲಿಗೋ. ಬಿದ್ದ ಮೇಲೆ ಹತ್ತಿರದ ಸ್ಟ್ರೈಕ್ ಮಾರಲೇಬೇಡಿ.

ಕೇಳಿದವರು: ಕಾಲ್ ಮಾರಲು ಮಾರ್ಜಿನ್ ಅಂತ ಠೇವಣಿ ಇಡಬೇಕಂತೆ. ಷೇರು ಕೈಯಲ್ಲೇ ಇದೆಯಲ್ಲ, ಅದು ಯಾಕೆ ಬೇಕು? ಮತ್ತೆ ಫಲಿತಾಂಶದ ತಿಂಗಳು ಬಿಟ್ಟುಬಿಟ್ಟರೆ?

ಸರಸ್ವತಿಪುರಂನಿಂದ: ಡಿಮ್ಯಾಟ್‌ನಲ್ಲಿ ಷೇರು ಇದೆ ಅಂತ ಮಾರ್ಜಿನ್ ಬಿಡುವುದಿಲ್ಲ, ಬರಿಗೈಲಿ ಕಾಲ್ ಮಾರಿದವನಷ್ಟೇ ಕಟ್ಟಬೇಕು. ಅದಕ್ಕೆ ಷೇರನ್ನೇ ಅಡವಿಡಬಹುದು, ಅಂದರೆ ಪ್ಲೆಡ್ಜ್ ಮಾಡಬಹುದು. ಅದರ ಬೆಲೆಯಲ್ಲಿ ಒಂದಿಷ್ಟು ಕಡಿತ ಮಾಡಿ ಲೆಕ್ಕ ಹಿಡಿಯುತ್ತಾರೆ, ಮಾರ್ಜಿನ್‌ನಲ್ಲಿ ಅರ್ಧ ನಗದು ಅಥವಾ ನಗದಿಗೆ ಸಮನಾದದ್ದು ಇರಬೇಕು.

ಫಲಿತಾಂಶದ ತಿಂಗಳು ಪ್ರೀಮಿಯಂ ದಪ್ಪ ಇರುತ್ತದೆ, ಕಾರಣ ನೀವೇ ಊಹಿಸಿ. ನಾನು ಆ ತಿಂಗಳು ಬಿಡುತ್ತೇನೆ.

ವಿಜಯನಗರದಿಂದ: ನಾನು ಬಿಡಲ್ಲ. 1,060ರ ಬದಲು 1,100 ಮಾರುತ್ತೇನೆ. ಮೂರೋ ನಾಲ್ಕೋ ರೂಪಾಯಿ ಸಿಕ್ಕರೂ ಸಾಕು.

ಸರಸ್ವತಿಪುರಂನಿಂದ: ಷೇರು 1,130ಕ್ಕೆ ಹೋದ ದಿನ ಅದೂ ದಾಟಿತ್ತಲ್ಲ ಸ್ವಾಮಿ.

ಕೇಳಿದವರಿಗೆ ಇನ್ನೊಂದು ಮಾತು. ಪ್ಲೆಡ್ಜ್ ಬಿಡಿಸಲು ಎಷ್ಟು ದಿನ ಹಿಡಿಯುತ್ತದೆ ಅಂತ ನಿಮ್ಮ ಬ್ರೋಕರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಎಕ್ಸ್‌ಪೈರಿ ದಿನ ಕಾಲ್ ದಾಟಿದ್ದು, ಷೇರು ಪ್ಲೆಡ್ಜ್‌ನಲ್ಲೇ ಸಿಕ್ಕಿಕೊಂಡಿದ್ದರೆ, ಷೇರು ನಿಮ್ಮದೇ ಇದ್ದೂ ಕೊಡಲಾಗದೆ ಹರಾಜಿನ ದಂಡ ಕಟ್ಟಬೇಕಾದೀತು.