ಅನುಭವ ಪತ್ರ ಕೊಡದ ಮಾಲೀಕರಿಗೆ ನಾಲ್ಕು ಪುಟದ ಪತ್ರ: ಓದುಗರ ಸ್ಪಂದನ

ಶಿವಮೊಗ್ಗದ ಓದುಗರೊಬ್ಬರು ತಮ್ಮ ಹಳೆಯ ಮಾಲೀಕರಿಗೆ ಬರೆದ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಬೈಕ್ ಶೋರೂಮಿನಲ್ಲಿ ಮೂರು ವರ್ಷ ಲೆಕ್ಕ ನೋಡಿಕೊಂಡವರು ಅವರು. ನೇಮಕಾತಿ ಪತ್ರದಲ್ಲಿ ನೋಟಿಸ್ 30 ದಿನ ಅಂತಿತ್ತು. ಆಮೇಲೆ ಬಂದ ಸುತ್ತೋಲೆ ಅದನ್ನು 90 ಮಾಡಿತು. ಇವರು 30 ದಿನ ಮುಗಿಸಿ ಹೊರಟರು. ಉಳಿದ 60 ದಿನದ ಸಂಬಳ ಕಟ್ಟುವವರೆಗೆ ಅನುಭವ ಪತ್ರವೂ ಇಲ್ಲ, ರಿಲೀವಿಂಗ್ ಲೆಟರೂ ಇಲ್ಲ ಎಂದಿದ್ದಾರೆ ಮಾಲೀಕರು. ಹುಬ್ಬಳ್ಳಿಯ ಹೊಸ ಕಂಪನಿ ಎರಡನ್ನೂ ಕೇಳುತ್ತಿದೆ.

ಭದ್ರಾವತಿಯಿಂದ

ಆ ಸುತ್ತೋಲೆಗೆ ಸಹಿ ಹಾಕಿದ್ದೀರೋ ಇಲ್ಲವೋ? ನಾಲ್ಕು ಪುಟದಲ್ಲಿ ಅದೊಂದನ್ನು ಬಿಟ್ಟು ಎಲ್ಲ ಬರೆದಿದ್ದೀರಿ.

ತೀರ್ಥಹಳ್ಳಿಯಿಂದ, ಅಂಗಡಿ ಮಾಲೀಕರು

ಮಾರ್ಚ್ ಹತ್ತಿರ ಬಂದಾಗ ಲೆಕ್ಕದವರು ಎದ್ದು ಹೋದರೆ ನಮ್ಮ ಪಾಡೇನು ಅಂತ ಯಾರೂ ಕೇಳುವುದಿಲ್ಲ. ಹೊಸಬರಿಗೆ ಕಲಿಸಲು ಎರಡು ತಿಂಗಳು ಬೇಕು. ಪತ್ರ ತಡೆಹಿಡಿಯುವುದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ 90 ದಿನ ಅನ್ನುವವರೆಲ್ಲ ರಾಕ್ಷಸರಲ್ಲ.

*ಮಾಲೀಕರ ಕಷ್ಟ ನಿಜವೇ. ಮುಂದಿನ ಪತ್ರ ಉದ್ದವಿದೆ. ಆದರೂ ಕತ್ತರಿಸಲು ಮನಸ್ಸು ಬರಲಿಲ್ಲ.*

ಸಾಗರದಿಂದ

ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಥದ್ದೇ ಪತ್ರ ನಾನೂ ಬರೆದಿದ್ದೆ. ನನ್ನದು ಆರು ಪುಟ!

ನನ್ನ ನೋಟಿಸ್ 30 ದಿನ. ಹತ್ತೇ ದಿನ ಮಾಡಿ ಬಿಟ್ಟೆ, ತಪ್ಪು ನನ್ನದೇ. ತಿಂಗಳ ಪೂರ್ತಿ ಸಂಬಳ 24,000 ಕಟ್ಟು ಅಂದರು. ನನಗೆ ರೋಷ ಬಂತು. ಭಾನುವಾರ ದುಡಿಸಿದ್ದು, ಎಲ್ಲರ ಎದುರು ಬೈದಿದ್ದು, ಎಲ್ಲ ಬರೆದೆ. ಕೋರ್ಟಿಗೆ ಎಳೆಯುತ್ತೇನೆ ಅಂತ ಕೊನೆಗೆ ಸೇರಿಸಿದೆ. ಉತ್ತರ ಬರಲಿಲ್ಲ. ಹೊಸ ಕಂಪನಿಯ ಸೇರುವ ದಿನ ದಾಟಿತು. ಕೆಲಸ ಹೋಯಿತು.

ಎರಡು ವರ್ಷ ಆದ ಮೇಲೆ ಹಳೆ ಫೈಲಲ್ಲಿ ನೇಮಕಾತಿ ಪತ್ರ ಸಿಕ್ಕಿತು. ನೋಟಿಸ್ ಕಮ್ಮಿಯಾದರೆ ಅಷ್ಟು ದಿನದ 'ಮೂಲ ವೇತನ' ಅಂತ ಬರೆದಿತ್ತು. ನನ್ನ ಮೂಲ ವೇತನ 12,000. ದಿನಕ್ಕೆ 400. ಕಮ್ಮಿಯಾಗಿದ್ದು 20 ದಿನ, ಅಂದರೆ 8,000. ಅವರು ನನಗೆ ಕೊನೆಯ ಹದಿನೈದು ದಿನದ ಸಂಬಳ 12,000 ಕೊಡಬೇಕಿತ್ತು. ಲೆಕ್ಕ ಹಾಕಿದರೆ ಅವರೇ ನನಗೆ 4,000 ಬಾಕಿ! ಆರು ಪುಟದಲ್ಲಿ ಈ ಲೆಕ್ಕ ಒಂದು ಸಾಲೂ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ತಂಗಿ, ಆಯುಧಪೂಜೆ ದಿನ ರಾತ್ರಿ ಹನ್ನೊಂದರವರೆಗೆ ಬಿಲ್ ಬರೆದದ್ದನ್ನು ಪತ್ರದಿಂದ ತೆಗೆದುಬಿಡು. ಸೇರಿದ ದಿನ, ರಾಜೀನಾಮೆ ಕೊಟ್ಟ ದಿನ, ಕೊನೆಯ ದಿನ, ಹುದ್ದೆ, ಇಷ್ಟು ಮೊದಲು ಬರಲಿ. ಆಮೇಲೆ ಅನುಭವ ಪತ್ರವನ್ನು ನೋಟಿಸಿನ ಜಗಳದಿಂದ ಬಿಡಿಸಿ ಕೇಳು. ಯಾವಾಗಿನಿಂದ ಯಾವಾಗಿನವರೆಗೆ ಏನು ಕೆಲಸ ಮಾಡಿದೆ ಅಂತ ಹೇಳುವ ಕಾಗದ ಅದು. ಬಾಕಿ ಇದ್ದರೂ ಅದು ಸುಳ್ಳಾಗುವುದಿಲ್ಲ. ಬಾಕಿಯ ಬಗ್ಗೆ ನೇಮಕಾತಿ ಪತ್ರದ ಷರತ್ತಿನ ನಂಬರ್ ಹಾಕಿ, 'ಲೆಕ್ಕವನ್ನು ಬರವಣಿಗೆಯಲ್ಲಿ ಕೊಡಿ, ಅಂತಿಮ ಲೆಕ್ಕದಲ್ಲಿ ಹೊಂದಿಸೋಣ' ಅನ್ನು. ಒಂದು ತಾರೀಖಿನ ಗಡುವು ಕೊಡು. ಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿ ರಸೀದಿ ಇಟ್ಟುಕೋ.

ಒಂದು ಮಾತ್ರ ನೋಡಿಕೋ. 'ಕಾಲಕಾಲಕ್ಕೆ ಬದಲಾಗುವ ನಿಯಮಗಳಿಗೆ ಬದ್ಧಳಾಗಿರುತ್ತೇನೆ' ಅಂತ ನೇಮಕಾತಿ ಪತ್ರದಲ್ಲಿ ಸಾಲೊಂದಿದ್ದರೆ, ಸುತ್ತೋಲೆಗೆ ನೀನು ಸಹಿ ಹಾಕಿರದಿದ್ದರೂ ನಿನ್ನ ವಾದ ಸ್ವಲ್ಪ ಸಡಿಲ ಆಗುತ್ತದೆ. ಆಗ ವಕೀಲರಿಗೆ ತೋರಿಸಿಯೇ ಕಳಿಸು.

ಹೊಸನಗರದಿಂದ, ಒಬ್ಬ ತಾಯಿ

ಯಾಕಮ್ಮಾ ಇಷ್ಟು ಪರದಾಟ? ಈ ಸಲ ಅಡಿಕೆ ಕೊನೆ ಕೊಯ್ಯಲು ಜನ ಸಿಗದೆ ನಮ್ಮ ತೋಟದಲ್ಲೇ ಅಡಿಕೆ ಹಣ್ಣಾಗಿ ಉದುರುತ್ತಿದೆ. ನನ್ನ ಮಗನೂ ಇಂಥ ಕಾಗದಕ್ಕೇ ಬೆಂಗಳೂರಲ್ಲಿ ಓಡಾಡುತ್ತಿದ್ದಾನೆ. ಮನೆಗೆ ಬಾ ಅಂದರೆ ಕೇಳುವುದಿಲ್ಲ.

*ಅಮ್ಮಾ, ಮಗನಿಗೆ ಕೆಳಗಿನ ಪತ್ರ ತೋರಿಸಿ.*

ಕೊಪ್ಪದಿಂದ

ಪತ್ರ ಬರುವವರೆಗೆ ಸುಮ್ನೆ ಕೂರಬೇಡಿ. ನಿಮಗೆ ಪಿಎಫ್ ಕಟ್ಟಿದ್ದರೆ ಇಪಿಎಫ್‌ಒ ಪೋರ್ಟಲ್‌ನಲ್ಲಿ View ಒಳಗೆ Service History ಇರುತ್ತದೆ. ಮಾಲೀಕರು ಬಿಟ್ಟ ದಿನ ತುಂಬದಿದ್ದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ Manage ಒಳಗಿನ Mark Exit ನಲ್ಲಿ ನೀವೇ ತುಂಬಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ತಾರೀಖು ಎರಡು ಸಲ ನೋಡಿ ಹಾಕಿ, ಆಮೇಲೆ ತಿದ್ದುವುದು ಕಷ್ಟ. ಆ ಪುಟ, ಸಂಬಳದ ಚೀಟಿಗಳು, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ರಾಜೀನಾಮೆ ತಲುಪಿದೆ ಎಂಬ ಮೇಲ್ ಸೇರಿಸಿ ಹುಬ್ಬಳ್ಳಿಯ ಎಚ್ಆರ್‌ಗೆ ಕಳಿಸಿ. ಸದ್ಯಕ್ಕೆ ಇಷ್ಟು ಸಾಕಾ ಅಂತ ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ನನ್ನ ಹೊಸ ಕಂಪನಿಯವರು ಒಪ್ಪಿದರು.

*ಮೂಲ ಪತ್ರ ಬರೆದವರು ಮೊನ್ನೆ ಪರಿಷ್ಕರಿಸಿದ ಪ್ರತಿ ಕಳಿಸಿದ್ದಾರೆ. ಹನ್ನೊಂದು ಸಾಲು. ಸುತ್ತೋಲೆಗೆ ಸಹಿ ಹಾಕಿಲ್ಲವಂತೆ, ಅದು ಮೂರನೇ ಸಾಲಿನಲ್ಲೇ ಇದೆ. ಆಯುಧಪೂಜೆ ವಿಷಯ ಬಿಡಲು ಮಾತ್ರ ತುಂಬಾ ಕಷ್ಟವಾಯಿತಂತೆ.*