ಕರ್ಣನ ಮುಂಡಾಸು ಪೋಸ್ಟರ್‌ನಲ್ಲಿ ಸರಿಯಾಗಿ ಬರಬೇಕು: ಡಿಸೈನರ್‌ಗೆ ಏನಂತ ಬರೆದುಕೊಡೋದು?

ಕೇಳಿದವರು, ದಾವಣಗೆರೆ: ನಮ್ಮಲ್ಲಿ ಬಡಗುತಿಟ್ಟಿನ, ಅಂದರೆ ಕರಾವಳಿಯ ಉತ್ತರದ ಶೈಲಿಯ, ಯಕ್ಷಗಾನ ಮೇಳದ ಕರ್ಣಪರ್ವ ಆಟ ಇದೆ. ಪೋಸ್ಟರ್ ಮಾಡೋ ಹುಡುಗ ಯಕ್ಷಗಾನ ನೋಡಿದವನಲ್ಲ. “ಎತ್ತರದ ಕಿರೀಟ, ಬಣ್ಣ ಬಳಿದ ಮುಖ” ಅಂತ ಬರೆದುಕೊಟ್ಟೆ. ಮೊದಲ ಸಲ ಕಥಕಳಿ ಬರೆದ, ಎರಡನೇ ಸಲ ಕ್ಯಾಲೆಂಡರ್ ದೇವರ ಕಿರೀಟ ಬಂತು. ಅವನಿಗೆ ಅರ್ಥವಾಗೋ ಹಾಗೆ ವಿವರಣೆ ಹೇಗೆ ಬರೆಯಲಿ?

ಕುಂದಾಪುರದ ಕಡೆಯವರು, ಈಗ ದಾವಣಗೆರೆ ವಾಸ: ಎಡವಟ್ಟಾದದ್ದು “ಕಿರೀಟ” ಅನ್ನೋ ಪದದಿಂದ ಸರ್. ಆ ಪದ ಕೇಳಿದ ಕೂಡಲೇ ಯಾರೇ ಆದರೂ ಲೋಹದ, ತುದಿ ಚೂಪಾದ, ಕಲ್ಲು ಕೂಡಿಸಿದ ವಸ್ತುವನ್ನೇ ಬರೆಯೋದು. ಬಡಗಿನಲ್ಲಿ ಕರ್ಣನ ತಲೆ ಮೇಲೆ ಇರೋದು ಮುಂಡಾಸು. ಅದನ್ನು ಪ್ರತಿ ಆಟಕ್ಕೂ ವೇಷ ಕಟ್ಟುವ ಚೌಕಿಯಲ್ಲಿ ಹೊಸದಾಗಿ ಕಟ್ಟುತ್ತಾರೆ. ಒಳಗೆ ಹುಲ್ಲು, ಬಟ್ಟೆ ಸುತ್ತಿದ ಅಟ್ಟೆ ಇರುತ್ತದೆ, ಮೇಲೆ ಬಟ್ಟೆ ಬಿಗಿದು, ಅದರ ಮೇಲೆ ಜರಿ ಪಟ್ಟಿ ಓರೆಯಾಗಿ ಸುತ್ತುತ್ತಾ ಹೋಗುತ್ತಾರೆ. ಎದುರಿನಿಂದ ನೋಡಿದರೆ ಅರಳೀ ಎಲೆಯನ್ನು ತುದಿ ಮೇಲೆ ಮಾಡಿ ನಿಲ್ಲಿಸಿದ ಹಾಗೆ: ಹಣೆಯ ಹತ್ತಿರ ಕಿರಿದು, ನಡುವೆ ಅಗಲ, ಮೇಲಕ್ಕೆ ಮತ್ತೆ ಕೂಡುತ್ತದೆ. ಅಂಚು ದುಂಡಗೆ, ಮೆತ್ತಗೆ ಕಾಣಬೇಕು. ಜರಿ ಗೆರೆಗಳು ಸುತ್ತಿನ ದಾರಿಯಲ್ಲೇ ಹೋಗಬೇಕು. ಇಲ್ಲದಿದ್ದರೆ ಬಟ್ಟೆ ಅನ್ನಿಸೋದಿಲ್ಲ, ತಗಡಿಗೆ ಬಣ್ಣ ಹೊಡೆದ ಹಾಗಾಗುತ್ತದೆ.

ಅಳತೆಗೆ “ದೊಡ್ಡದು”, “ಎತ್ತರ” ಅನ್ನೋ ಪದಗಳು ಸಾಲವು. ನಿಮ್ಮ ಮೇಳದವರಿಂದ ಆ ವೇಷದ ಒಂದು ಎದುರು ಫೋಟೋ ತರಿಸಿ. ಗದ್ದದಿಂದ ಹಣೆಯ ಮೇಲಿನ ಪಟ್ಟಿಯವರೆಗೆ ಒಂದು ಕಾಗದದ ಚೂರಿನಲ್ಲಿ ಗುರುತು ಹಾಕಿ. ಅದೇ ಚೂರನ್ನು ಮುಂಡಾಸಿನ ಮೇಲೆ ಇಟ್ಟು ಎಷ್ಟು ಸಲ ಕೂರುತ್ತದೆ ನೋಡಿ. ಅಡ್ಡಕ್ಕೂ ಹಾಗೇ ಅಳೆಯಿರಿ, ಭುಜದ ಅಗಲಕ್ಕೂ ಹೋಲಿಸಿ. “ಎತ್ತರ ಇಷ್ಟು ಮುಖ, ಅಗಲ ಇಷ್ಟು ಮುಖ” ಅಂತ ಬರೆದುಕೊಟ್ಟರೆ ಕುಗ್ಗಿಸೋಕೆ ಜಾಗವೇ ಇರೋದಿಲ್ಲ. ಯಕ್ಷಗಾನ ಗೊತ್ತಿಲ್ಲದವರು ತಲೆಭಾಗವನ್ನು ಚಿಕ್ಕದು ಮಾಡಿಬಿಡುತ್ತಾರೆ, ಅಷ್ಟು ದೊಡ್ಡದಿರೋದು ತಪ್ಪು ಅನ್ನಿಸುತ್ತದೆ ಅವರಿಗೆ.

ಚಿತ್ರದುರ್ಗದವರು: ಇಷ್ಟೆಲ್ಲ ಯಾಕ್ರೀ? ನಮ್ಮ ಕಡೆ ದೊಡ್ಡಾಟದ ಫೋಟೋ ಬೇಕಾದಷ್ಟು ಸಿಗ್ತಾವೆ. ಭುಜಕೀರ್ತಿ, ಎದೆಹಾರ, ಮೀಸೆ ಎಲ್ಲ ಅದೇ. ಅದನ್ನೇ ತೋರಿಸಿ ಬರೆಸ್ರಿ. ಮುಖಕ್ಕೆ ಮಾತ್ರ ಬಿಳೀ ಮುಳ್ಳು ಮುಳ್ಳು ಚುಕ್ಕಿ ಹಾಕಿಸ್ರಿ, ಕರಾವಳಿದು ಅಂತ ಗೊತ್ತಾಗಬೇಕಲ್ಲ.

ಕುಂದಾಪುರದ ಕಡೆಯವರು: ಭುಜಕೀರ್ತಿ, ಎದೆಯ ಆಭರಣದ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ, ಎರಡು ಕಡೆಯೂ ಇವೆ. ಆದರೆ ದೊಡ್ಡಾಟದ ಫೋಟೋ ಕೊಟ್ಟರೆ ತಲೆಗೆ ಮತ್ತೆ ಕಿರೀಟವೇ ಬರುತ್ತದೆ, ಸೊಂಟದ ಕೆಳಗಿನ ಉಡುಗೆಯೂ ಬೇರೆಯಾಗುತ್ತದೆ. ಬಡಗಿನಲ್ಲಿ ಕೆಂಪು, ಹಳದಿ, ಕಪ್ಪು ಚೌಕುಳಿಯ ಸೀರೆಯನ್ನು ಕಸೆ ಹಾಕಿ, ಅಂದರೆ ಕಚ್ಚೆಯ ಹಾಗೆ, ಉಡುತ್ತಾರೆ. ಆ ಚೌಕುಳಿ ಒಂದು ಕಂಡರೂ ಸಾಕು, ಕರಾವಳಿಯವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಮುಳ್ಳಿನ ಚುಕ್ಕಿ ಬೇಡವೇ ಬೇಡ. ಅದು ಚುಟ್ಟಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಇಡೋದು, ದಕ್ಷಿಣದ ತೆಂಕುತಿಟ್ಟಿನ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಗಳಿಗೆ. ಕರ್ಣನ ಮುಖಕ್ಕೆ ಅದನ್ನು ಹಾಕಿದರೆ ಪಾತ್ರವೇ ಬದಲಾಗುತ್ತದೆ. ಕರ್ಣನ ಮುಖಕ್ಕೆ ಹಳದಿ ಬೆರೆತ ತಿಳಿಗೆಂಪು ಹಚ್ಚಿರುತ್ತಾರೆ. ಕಣ್ಣಿನ ಸುತ್ತ ದಪ್ಪ ಕಾಡಿಗೆ, ಹಣೆಗೆ ನಾಮ, ಕಣ್ಣಿನ ಕೊನೆಯಿಂದ ಕಿವಿಯ ಕಡೆಗೆ ಚಿಕ್ಕ ಮುದ್ರೆ, ಕಟ್ಟಿದ ಕಪ್ಪು ಮೀಸೆ. ಹಸಿರು ಮುಖ, ಗದ್ದದ ಸುತ್ತ ಬಿಳಿ ಅಂಚು ಕಂಡರೆ ಅದು ಕಥಕಳಿ. ನಿಮ್ಮ ಹುಡುಗ ಮೊದಲು ಬರೆದದ್ದು ಅದನ್ನೇ ಇರಬೇಕು.

ಹರಿಹರದ ಶಿಕ್ಷಕಿ: ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೂ ಇದೇ ವೇಷ ಬೇಕಿತ್ತು. ಮಕ್ಕಳ ಮುಖಕ್ಕೆ ಪೋಸ್ಟರ್ ಕಲರ್ ಹಚ್ಚಬಹುದಾ? ಈ ತಿಳಿಗೆಂಪು ಬರೋಕೆ ಯಾವ ಬಣ್ಣ ಬೆರೆಸಬೇಕು?

ಕುಂದಾಪುರದ ಕಡೆಯವರು: ಮೇಡಂ, ಇಲ್ಲಿ ಕೇಳಿದ್ದು ಕಾಗದದ ಪೋಸ್ಟರ್ ಬಗ್ಗೆ. ಆದರೂ ಹೇಳಿಬಿಡುತ್ತೇನೆ, ಪೋಸ್ಟರ್ ಕಲರ್ ಚರ್ಮಕ್ಕೆ ಮಾಡಿದ್ದಲ್ಲ, ಹಚ್ಚಬೇಡಿ. ಮುಖಕ್ಕೆಂದೇ ಸಿಗುವ ಮೇಕಪ್ ಬಣ್ಣ ತನ್ನಿ. ಹಳೆಯ ಕಾಲದ ಅರದಾಳ, ಇಂಗಳೀಕ ಹುಡುಕಿಕೊಂಡೂ ಹೋಗಬೇಡಿ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ.

ಫ್ಲೆಕ್ಸ್ ಡಿಸೈನರ್, ದಾವಣಗೆರೆ: ಬರೆಯೋ ಕಡೆಯಿಂದ ಒಂದೆರಡು ಮಾತು. ನಮಗೆ ಹೆಸರುಗಳ ಪಟ್ಟಿ ಕೊಟ್ಟರೆ ಪ್ರಯೋಜನ ಇಲ್ಲ, ಭುಜಕೀರ್ತಿ ಅಂದರೆ ಏನು ಅಂತ ಮತ್ತೆ ಹುಡುಕಬೇಕು. ಆಕಾರ, ಅಳತೆ, ಬಣ್ಣ, ಯಾವುದರಿಂದ ಮಾಡಿದ್ದು, ಇಷ್ಟನ್ನು ತಲೆಯಿಂದ ಕಾಲಿನವರೆಗೆ ಕ್ರಮವಾಗಿ ಹೇಳಿ. ಹಿನ್ನೆಲೆ ಬಣ್ಣ ಈಗಲೇ ತೀರ್ಮಾನಿಸಿ. ರಾತ್ರಿ ಆಟ ಅಂತ ಕಪ್ಪು ಹಿನ್ನೆಲೆ ಕೇಳ್ತಾರೆ, ಮುಂಡಾಸಿನ ಬಟ್ಟೆಯೂ ಕಪ್ಪಾಗಿದ್ದರೆ ಅದರ ಹೊರಗೆರೆ ಹಿನ್ನೆಲೆಯಲ್ಲಿ ಕರಗಿ ಬರೀ ಜರಿ ಗೆರೆ ತೇಲ್ತವೆ. ಹಿಂದೆ ಕಡುಗೆಂಪು ಇಲ್ಲವೇ ದೀಪದ ಹಳದಿ ಇಟ್ಟರೆ ಉಳಿಯುತ್ತೆ. ಜರಿಗೆ ಗೋಲ್ಡ್ ಗ್ರೇಡಿಯಂಟ್ ಹಾಕಿದರೆ ಸ್ಕ್ರೀನ್ ಮೇಲೆ ಹೊಳೆಯುತ್ತೆ, ಪ್ರಿಂಟ್‌ನಲ್ಲಿ ಕೆಸರು ಹಳದಿ. ಸಾಸಿವೆ ಹಳದಿ ತುಂಬಿ, ಪಕ್ಕದಲ್ಲಿ ಕಂದು ಗೆರೆ ಎಳೆದರೆ ಜರಿ ಥರ ಕಾಣುತ್ತೆ.

ಆಟದ ಹೆಸರು ಮೇಲೆ ಹಾಕಬೇಕು ಅಂತ ಮುಂಡಾಸಿನ ತುದಿ ಕತ್ತರಿಸಿಬಿಡ್ತಾರೆ. ಆ ಜಾಗ ಮೊದಲೇ ಬಿಡಿಸಿಕೊಳ್ಳಿ. ಹಾಗೇ ಚಿತ್ರವನ್ನು ಎಡಬಲ ತಿರುಗಿಸಬೇಡಿ ಅಂತಲೂ ಬರೆದುಕೊಡಿ. ಅಕ್ಷರಕ್ಕೆ ಜಾಗ ಹೊಂದಿಸೋಕೆ ತಿರುಗಿಸ್ತೀವಿ, ಎಡಗೈಯಲ್ಲಿದ್ದ ಬಿಲ್ಲು ಬಲಗೈಗೆ ಹೋಗಿರುತ್ತೆ.

ಕುಂದಾಪುರದ ಕಡೆಯವರು: ಇವರು ಹೇಳಿದ ಕ್ರಮ ಸರಿ. ಹಾಗಾದರೆ ಹೀಗೆ ಬರೆದುಕೊಡಿ, ಖಾಲಿ ಬಿಟ್ಟಲ್ಲಿ ನಿಮ್ಮ ಫೋಟೋದ ಅಳತೆ ತುಂಬಿ:

“ಒಬ್ಬ ಯೋಧ, ಎದುರು ಮುಖ, ಎಡಗೈಯಲ್ಲಿ ಬಿಲ್ಲು. ತಲೆಯ ಮೇಲೆ ಬಟ್ಟೆಯಿಂದ ಕಟ್ಟಿದ ಮುಂಡಾಸು, ನಿಂತ ಅರಳೀ ಎಲೆಯ ಆಕಾರ, ಎತ್ತರ __ ಮುಖ, ಅಗಲ __ ಮುಖ. ಮುಂಡಾಸಿನ ಮೇಲೆ ಓರೆಯಾಗಿ ಸುತ್ತಿದ ಜರಿ ಪಟ್ಟಿ. ಲೋಹ ಅಲ್ಲ, ಅಂಚು ದುಂಡಗೆ, ಕಿರೀಟದಂಥ ಚೂಪು ಮೊನೆಗಳಿಲ್ಲ. ಮುಖ ಹಳದಿ ಬೆರೆತ ತಿಳಿಗೆಂಪು, ಹಣೆಗೆ ನಾಮ, ದಪ್ಪ ಕಾಡಿಗೆ, ಕಪ್ಪು ಮೀಸೆ. ಹಸಿರು ಇಲ್ಲ, ಗದ್ದಕ್ಕೆ ಬಿಳಿ ಅಂಚಿಲ್ಲ. ತುಂಬುತೋಳಿನ ಅಂಗಿ. ಎರಡು ಭುಜದ ಮೇಲೂ, ಎದೆಯ ಮೇಲೂ ಮರದಲ್ಲಿ ಕೊರೆದು ಚಿನ್ನದ ಬಣ್ಣದ ಬೇಗಡೆ ಅಂಟಿಸಿ ಕನ್ನಡಿ ಚೂರು ಕೂರಿಸಿದ ಆಭರಣ. ಸೊಂಟಕ್ಕೆ ಅಗಲ ಪಟ್ಟಿ. ಕೆಳಗೆ ಕಚ್ಚೆಯ ಹಾಗೆ ಉಟ್ಟ ಕೆಂಪು, ಹಳದಿ, ಕಪ್ಪು ಚೌಕುಳಿ ಸೀರೆ. ಕಾಲಿಗೆ ಗೆಜ್ಜೆ.”

ಅಂಗಿಯ ಬಣ್ಣ, ಮುಂಡಾಸಿನ ಬಟ್ಟೆಯ ಬಣ್ಣ ಫೋಟೋದಲ್ಲಿ ಇದ್ದ ಹಾಗೇ ಬರೆಯಿರಿ, ಬೇರೆ ಮೇಳದ್ದನ್ನು ಬೆರೆಸಬೇಡಿ. ಮೊದಲು ಬರೀ ಕಪ್ಪು ನೆರಳಿನ ಆಕಾರ ಬರೆಸಿ ನೋಡಿ. ನೆರಳಿನಲ್ಲೇ ಮುಂಡಾಸು ಗುರುತು ಸಿಗದಿದ್ದರೆ ಬಣ್ಣ ತುಂಬಿಸೋಕೆ ಹೋಗಬೇಡಿ, ತಿದ್ದೋದು ಅಲ್ಲೇ ಸುಲಭ.

ಚಿತ್ರದುರ್ಗದವರು: ಚುಟ್ಟಿ ವಿಷಯ ಒಪ್ಪಿದೆ. ಆದರೂ ದಾವಣಗೆರೆ ಜನಕ್ಕೆ ಮುಂಡಾಸು ನೋಡಿದರೆ ಯಕ್ಷಗಾನ ಅಂತ ಹೊಳೀತದಾ? ಕಿರೀಟ ಇರೋ ಇನ್ನೊಂದು ವೇಷವನ್ನೂ ಪಕ್ಕದಲ್ಲಿ ಹಾಕ್ರಿ ಅಂತೀನಿ.

ಫ್ಲೆಕ್ಸ್ ಡಿಸೈನರ್: ಎರಡು ವೇಷ ಹಾಕಿದರೆ ಎರಡೂ ಚಿಕ್ಕದಾಗ್ತವೆ ಅಣ್ಣ. “ಯಕ್ಷಗಾನ” ಅಂತ ದೊಡ್ಡ ಅಕ್ಷರ ಹಾಕಿದರೆ ಸಾಕಲ್ವಾ?

ಕೇಳಿದವರು: ಮೇಳದವರಿಗೆ ಫೋಟೋ ಕೇಳಿ ಮೆಸೇಜ್ ಹಾಕಿದೆ. ಒಂದು ವೇಷವೋ ಎರಡೋ ಅನ್ನೋದು ಕಮಿಟಿಯವರನ್ನ ಕೇಳಬೇಕು. ನೆರಳಿನ ಚಿತ್ರ ಬಂದ ಮೇಲೆ ಇಲ್ಲೇ ಹಾಕ್ತೀನಿ, ನೋಡಿ ಹೇಳಿ.