ಗುಡ್‌ವಿಲ್ ದುಡ್ಡನ್ನು 3:1ರಲ್ಲಿ ಹಂಚಿದೆವು, ಅಣ್ಣ ಒಪ್ಪುತ್ತಿಲ್ಲ. ತಪ್ಪು ಎಲ್ಲಿದೆ?

ಬೆಲ್ಲದಂಗಡಿ_ಮಂಡ್ಯ:
ಎಲ್ಲರಿಗೂ ನಮಸ್ಕಾರ. ಮಂಡ್ಯ ಎಪಿಎಂಸಿ ಯಾರ್ಡಿನಲ್ಲಿ ನಮ್ಮದೊಂದು ಬೆಲ್ಲದ ಮಂಡಿ ಇದೆ. ದೊಡ್ಡಪ್ಪನ ಮಗ ಮತ್ತು ನಾನು ಪಾಲುದಾರರು. ಲಾಭದಲ್ಲಿ ಅಣ್ಣನಿಗೆ 12 ಆಣೆ, ನನಗೆ 4 ಆಣೆ. ಏಪ್ರಿಲ್ 1ರಿಂದ ಸೋದರಮಾವನ ಮಗನನ್ನೂ ಸೇರಿಸಿಕೊಂಡಿದ್ದೇವೆ. ಹೊಸ ಪತ್ರದ ಪ್ರಕಾರ ಅಣ್ಣನಿಗೆ 7 ಆಣೆ, ನನಗೆ 5, ಭಾವನಿಗೆ 4. ಮಂಡಿ ನಡೆಸಿ ನಡೆಸಿ ಅಣ್ಣನ ಮಂಡಿಯೇ ಸವೆದುಹೋಗಿದೆ. ಈಗ ದಿನಾ ಗಲ್ಲಾದಲ್ಲಿ ಕೂರುವವನು ನಾನು. ಅದಕ್ಕೇ ನನಗೆ ಒಂದಾಣೆ ಜಾಸ್ತಿ.

ಅಂಗಡಿಯ ಗುಡ್‌ವಿಲ್ 4,80,000 ರೂಪಾಯಿ ಅಂತ ಮೂವರೂ ಒಪ್ಪಿದೆವು. ಭಾವ ತನ್ನ ಕಾಲು ಭಾಗಕ್ಕೆ 1,20,000 ತಂದುಕೊಟ್ಟ. ಬಂಡವಾಳ ಬೇರೆ, ಅದರಲ್ಲಿ ತಕರಾರಿಲ್ಲ. ನಮ್ಮ ಲೆಕ್ಕ ಬರೆಯುವವರು ಈ ದುಡ್ಡನ್ನು 3:1ರಲ್ಲಿ ಹಂಚಿ, ಅಣ್ಣನ ಬಂಡವಾಳ ಖಾತೆಗೆ 90,000, ನನ್ನದಕ್ಕೆ 30,000 ಜಮಾ ಮಾಡಿದರು. ಟ್ಯಾಲಿಯಲ್ಲಿ ಎಲ್ಲ ಸರಿಯಾಗಿ ಕೂತಿದೆ.

ಅಣ್ಣ ಮಾತ್ರ ಕೇಳ್ತಾನೆ: "ನನ್ನಿಂದ 5 ಆಣೆ ಹೋಗಿದೆ. ನಿನ್ನಿಂದ ಏನು ಹೋಗಿದೆ ಅಂತ 30,000 ತಗೊಂಡೆ?" ನನಗೆ ಉತ್ತರ ಹೊಳೆಯಲಿಲ್ಲ. ಟ್ಯಾಲಿ ಆದಮೇಲೂ ತಪ್ಪಿರುತ್ತಾ?

ಬಿಕಾಂ_ಹುಡುಗ:
3:1 ಸರಿಯಾಗೇ ಇದೆ ಸರ್. ಗುಡ್‌ವಿಲ್ ಅನ್ನೋದು ಇಷ್ಟು ವರ್ಷ ನೀವಿಬ್ಬರು ದುಡಿದು ಗಳಿಸಿದ ಹೆಸರು. ಆಗ ಲಾಭ 3:1ರಲ್ಲಿ ಹಂಚಿಕೊಂಡಿದ್ದೀರಿ, ಇದೂ ಹಾಗೇ. ಕಾಲೇಜಿನಲ್ಲಿ ಇಂಥ ಲೆಕ್ಕ ಎಷ್ಟೋ ಮಾಡಿದ್ದೇನೆ, ಹಳೇ ಅನುಪಾತದಲ್ಲೇ ಉತ್ತರ ಬಂದಿದೆ.

ಅಗ್ರಹಾರದಾಕೆ:
ನಮ್ಮದೂ ಇದೇ ಸಮಸ್ಯೆ. ಮೈಸೂರಿನಲ್ಲಿ ನಮ್ಮ ತಂದೆ ಅಂಗಡಿಯಿಂದ ನಿವೃತ್ತಿ ತಗೊಂಡರು. ಉಳಿದ ಪಾಲುದಾರರು ಗುಡ್‌ವಿಲ್ ಅಂತ ಒಂದು ಪೈಸೆ ಕೊಟ್ಟಿಲ್ಲ. ನಿಮ್ಮ ಅಣ್ಣನೂ ಬಿಡ್ತಾ ಇದ್ದಾರಾ? ಹಾಗಿದ್ದರೆ ಮೊದಲೇ ಬರೆಸಿಕೊಳ್ಳಲಿ.

ಲೆಕ್ಕದ_ಮೇಷ್ಟ್ರು:
ಮೇಡಂ, ನಿಮ್ಮದು ಹೊರಗೆ ಹೋದವರ ಲೆಕ್ಕ, ಇವರದು ಒಳಗೆ ಬಂದವರದು. ನಿಮ್ಮ ತಂದೆಯ ಪಾಲನ್ನು ಯಾರು ಎಷ್ಟೆಷ್ಟು ತಗೊಂಡರೋ ಅವರು ಅಷ್ಟಷ್ಟು ಕೊಡಬೇಕು. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ.

ಬೆಲ್ಲದಂಗಡಿಯವರೇ, ನಿಮ್ಮ ಅಣ್ಣ ಕೇಳಿದ್ದು ಸರಿ. ಭಾವ ಕೊಟ್ಟ ದುಡ್ಡು ಹಳೇ ದುಡಿಮೆಗೆ ಬಂದ ಕೂಲಿ ಅಲ್ಲ. ಮುಂದೆ ಬರೋ ಲಾಭದಲ್ಲಿ ಯಾರು ಪಾಲು ಬಿಟ್ಟುಕೊಟ್ಟರೋ ಅವರಿಗೆ ಕೊಡೋ ಬೆಲೆ. ಹಾಗಾಗಿ ಮೊದಲು ಒಬ್ಬೊಬ್ಬರ ಹಳೇ ಪಾಲಿನಿಂದ ಹೊಸ ಪಾಲು ಕಳೆಯಿರಿ.

```
ಅಣ್ಣ : 12 - 7 =  5 ಆಣೆ ಬಿಟ್ಟ
ನೀವು :  4 - 5 = -1 ಆಣೆ (ಬಿಟ್ಟಿಲ್ಲ, ಪಡೆದಿರಿ)
ಭಾವ :  0 - 4 = -4 ಆಣೆ ಪಡೆದ
```

ಅಣ್ಣ ಬಿಟ್ಟ 5 ಆಣೆಯಲ್ಲಿ 4 ಭಾವನಿಗೆ ಹೋಯಿತು, 1 ನಿಮಗೆ ಬಂತು. ಇಡೀ 16 ಆಣೆಗೆ 4,80,000 ಅಂದರೆ ಆಣೆಗೆ 30,000. ಅಣ್ಣನಿಗೆ ಬರಬೇಕಾದ್ದು 1,50,000. ಅದರಲ್ಲಿ 1,20,000 ಭಾವ ತಂದಿದ್ದಾನೆ. ಮಿಕ್ಕ 30,000 ನಿಮ್ಮ ಖಾತೆಯಿಂದ ಹೋಗಬೇಕು. ನೀವು 30,000 ಪಡೆಯುವವರಲ್ಲ, 30,000 ಕೊಡುವವರು!

ಟ್ಯಾಲಿ ಆಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ. 1,20,000 ಡೆಬಿಟ್ ಮಾಡಿ, ಇಬ್ಬರಿಗೆ ಹೇಗೆ ಹಂಚಿ ಕ್ರೆಡಿಟ್ ಮಾಡಿದರೂ ಮೊತ್ತ ಕೂತೇ ಕೂರುತ್ತದೆ.

ಬಿಕಾಂ_ಹುಡುಗ:
ಹಾಗಾದರೆ ನಾನು ಮಾಡಿದ ಲೆಕ್ಕಗಳೆಲ್ಲ ತಪ್ಪಾ ಮೇಷ್ಟ್ರೇ? ಉತ್ತರ ಪುಸ್ತಕದ ಜೊತೆ ಹೊಂದುತ್ತಿತ್ತಲ್ಲ.

ಲೆಕ್ಕದ_ಮೇಷ್ಟ್ರು:
ತಪ್ಪಲ್ಲ ಕಣಪ್ಪ. ಆ ಲೆಕ್ಕಗಳಲ್ಲಿ ಹೊಸಬನಿಗೆ ಕಾಲು ಭಾಗ ಅಂತ ಮಾತ್ರ ಹೇಳಿ ಸುಮ್ಮನಾಗಿರ್ತಾರೆ. ಹಳಬರು ತಮ್ಮಲ್ಲಿ ಪಾಲು ಬದಲಿಸಿಕೊಂಡರು ಅಂತ ಹೇಳಿರಲ್ಲ. ಆಗ ಉಳಿದ 12 ಆಣೆ ಹಳೇ 3:1ರಲ್ಲೇ ಉಳಿಯುತ್ತದೆ, ಅಂದರೆ 9 ಮತ್ತು 3. ಒಬ್ಬ 3 ಆಣೆ ಬಿಟ್ಟ, ಇನ್ನೊಬ್ಬ 1 ಆಣೆ ಬಿಟ್ಟ. ತ್ಯಾಗದ ಅನುಪಾತವೂ 3:1 ಆಯಿತು. ಎರಡೂ ಒಂದೇ ಬಂದಿದ್ದರಿಂದ ನೀನು ಹಳೇ ಅನುಪಾತವೇ ನಿಯಮ ಅಂದುಕೊಂಡೆ. ಹೊಸ ಪತ್ರದಲ್ಲಿ 9:3:4 ಅಂತ ಇದ್ದಿದ್ದರೆ ನಿನ್ನ ಮಾತೂ ಸರಿ, ಅವರ ಲೆಕ್ಕ ಬರೆಯುವವರೂ ಸರಿ. ಇರೋದು 7:5:4.

ಹಳೇ ಅನುಪಾತಕ್ಕೆ ಅದರದೇ ಜಾಗ ಇದೆ. ಭಾವ ಬರೋ ಮುಂಚಿನ ಜನರಲ್ ರಿಸರ್ವ್ ಏನಾದರೂ ಪುಸ್ತಕದಲ್ಲಿದ್ದರೆ ಅದು 3:1ರಲ್ಲೇ ಹೋಗಬೇಕು. ಅದು ನಿಜಕ್ಕೂ ಹಳೇ ದುಡಿಮೆ.

ಬೆಲ್ಲದಂಗಡಿ_ಮಂಡ್ಯ:
ರಿಸರ್ವ್ 80,000 ಇತ್ತು. ಅಣ್ಣನಿಗೆ 60,000, ನನಗೆ 20,000 ಹಾಕಿದ್ದಾರೆ. ಹಾಗಾದರೆ ಅದು ಸರಿ. ಅದೇ ಧಾಟಿಯಲ್ಲಿ ಗುಡ್‌ವಿಲ್ಲನ್ನೂ ಹಂಚಿಬಿಟ್ಟಿದ್ದಾರೆ ಅನ್ಸುತ್ತೆ.

ಈಗ ಹಳೇ ಎಂಟ್ರಿ ಅಳಿಸಬೇಕಾ? ಇನ್ನೊಂದು ವಿಷಯ. ಅಣ್ಣ ಆ ಒಂದಾಣೆಯನ್ನು ಪ್ರೀತಿಯಿಂದ ಕೊಟ್ಟ, ಮಾರಲಿಲ್ಲ ಅಂತ ನಾನು ಅಂದುಕೊಂಡಿದ್ದೆ.

ಲೆಕ್ಕದ_ಮೇಷ್ಟ್ರು:
ಅಳಿಸಬೇಡಿ. ಅಣ್ಣನಿಗೆ 90,000 ಹೋಗಿದೆ, ಹೋಗಬೇಕಿದ್ದದ್ದು 1,50,000. ನಿಮ್ಮ ಕಡೆಯಿಂದ ನೋಡಿದರೂ ಅಷ್ಟೇ: ಬಂದ 30,000 ವಾಪಸ್, ಕೊಡಬೇಕಾದ 30,000 ಬೇರೆ. ಎರಡೂ ಕಡೆ ವ್ಯತ್ಯಾಸ 60,000. F7 ಒತ್ತಿ ಒಂದೇ ಜರ್ನಲ್ ಹಾಕಿ.

```
ತಮ್ಮನ ಬಂಡವಾಳ ಖಾತೆ   ಡೆಬಿಟ್    60,000
ಅಣ್ಣನ ಬಂಡವಾಳ ಖಾತೆ   ಕ್ರೆಡಿಟ್   60,000
```

ಕೆಳಗಿನ ವಿವರಣೆಯಲ್ಲಿ ಹಳೇ ವೋಚರ್ ನಂಬರ್, ಹಳೇ ಮತ್ತು ಹೊಸ ಪಾಲು ಮೂರನ್ನೂ ಬರೆಯಿರಿ. ಮುಂದಿನ ವರ್ಷ ನೋಡುವವರಿಗೆ ಈ 60,000 ಎಲ್ಲಿಂದ ಬಂತು ಅಂತ ಗೊತ್ತಾಗಬೇಕು.

ಪ್ರೀತಿಯ ಮಾತು ನಿಮ್ಮಿಬ್ಬರಿಗೆ ಬಿಟ್ಟದ್ದು. ಅಣ್ಣ ಆ ಒಂದಾಣೆಗೆ ದುಡ್ಡು ಬೇಡ ಅಂದರೆ ಅದನ್ನು ಪತ್ರದಲ್ಲೇ ಬರೆಸಿ. ಹಾಗಾದರೂ ಭಾವನ 1,20,000 ಪೂರ್ತಿ ಅಣ್ಣನದೇ. ಯಾಕಂದರೆ ಭಾವನ ನಾಲ್ಕಾಣೆಯಲ್ಲಿ ನಿಮ್ಮದು ಒಂದು ಕಾಸೂ ಇಲ್ಲ. ಆಗ ಜರ್ನಲ್ 60,000 ಬದಲು 30,000ಕ್ಕೆ ಸಾಕು.

ಅಗ್ರಹಾರದಾಕೆ:
ನಮ್ಮ ತಂದೆ ಹಿಂದೆ ಹೊಸ ಪಾಲುದಾರ ಬಂದಾಗ ಗುಡ್‌ವಿಲ್ ದುಡ್ಡನ್ನು ಕೈಯಿಂದ ಕೈಗೆ ಈಸಿಕೊಂಡಿದ್ದರು. ಅಂಗಡಿ ಪುಸ್ತಕದಲ್ಲಿ ಏನೂ ಇಲ್ಲ. ಅದು ತಪ್ಪಾ?

ಲೆಕ್ಕದ_ಮೇಷ್ಟ್ರು:
ಹೊಸಬರು ಖಾಸಗಿಯಾಗಿ ಕೊಟ್ಟರೆ ಅಂಗಡಿ ಪುಸ್ತಕದಲ್ಲಿ ಎಂಟ್ರಿ ಬರೋದಿಲ್ಲ, ಅದು ತಪ್ಪಲ್ಲ. ರಸೀದಿ ಇರಲಿಲ್ಲ ಅಂದರೆ ಜಗಳ ಬಂದಾಗ ಕಷ್ಟ, ಅಷ್ಟೇ.

ಬೆಲ್ಲದಂಗಡಿ_ಮಂಡ್ಯ:
ನಿನ್ನೆ ಸಂಜೆ ಬೆಲ್ಲದ ಪಿಂಡಿಗಳನ್ನು ಲಾರಿಗೆ ತುಂಬಿಸಿ ಕಳಿಸಿದ ಮೇಲೆ ಮೂವರೂ ಕೂತೆವು. ಚೀಟಿಯ ಹಿಂದೆ ಆಣೆ ಲೆಕ್ಕ ಬರೆದು ತೋರಿಸಿದೆ. ಅಣ್ಣ ಒಂದೇ ಸಲಕ್ಕೆ ಹೂಂ ಅಂದ. ಭಿನ್ನರಾಶಿಯಲ್ಲಿ ಹೇಳಿದ್ದರೆ ರಾತ್ರಿಯೆಲ್ಲ ಕೂರಬೇಕಿತ್ತು. ಲೆಕ್ಕ ಬರೆಯುವವರೂ ಒಪ್ಪಿದರು, ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡು.

ಆದರೆ ಈಗ ಭಾವ ಇನ್ನೊಂದು ತೆಗೆದಿದ್ದಾನೆ. ಗುಡ್‌ವಿಲ್ಲಿಗೆ ನಾವು ಮೂರು ವರ್ಷದ ಸರಾಸರಿ ಲಾಭ ತಗೊಂಡು ಎರಡರಿಂದ ಗುಣಿಸಿದ್ದೆವು. ಲಾಭ 2,10,000, 3,00,000, 2,70,000. ನಡುವಿನ ವರ್ಷ ಹಳೇ ಪಿಕಪ್ ಮಾರಿ 60,000 ಲಾಭ ಬಂದಿತ್ತು. ಅದನ್ನು ಕಳೆದೇ ಸರಾಸರಿ 2,40,000 ಹಿಡಿದೆವು. ಅದು ಅವನಿಗೆ ಸರಿ. "ಎರಡು ವರ್ಷ ಯಾಕೆ, ಒಂದು ಸಾಕಲ್ವಾ? ಆಲೆಮನೆಯವರು ಬರೋದು ಅಣ್ಣನ ಮುಖ ನೋಡಿ. ಅಣ್ಣನೇ ಅಂಗಡಿಗೆ ಬರದಿದ್ದರೆ ಆ ಹೆಸರು ಎಷ್ಟು ದಿನ?" ಅಂತಾನೆ.

ಲೆಕ್ಕದ_ಮೇಷ್ಟ್ರು:
ಎರಡೋ ಒಂದೋ ಅನ್ನೋದು ನಿಮ್ಮ ಮೂವರ ಒಪ್ಪಂದ, ಕಾನೂನು ಹೇಳೋದಿಲ್ಲ. ಅವನ ಮಾತಲ್ಲಿ ಹುರುಳಿದೆ, ಆದರೆ ದುಡ್ಡು ಕೊಡುವ ಮೊದಲು ಹೇಳಬೇಕಿತ್ತು. ಅಕಸ್ಮಾತ್ ಒಂದಕ್ಕೆ ಇಳಿಸಿದರೆ ಆಣೆಗೆ 15,000 ಆಗುತ್ತದೆ. ಭಾವನಿಗೆ 60,000 ವಾಪಸ್, ನಿಮ್ಮಿಂದ ಅಣ್ಣನಿಗೆ 15,000 ಮಾತ್ರ. ಹಾಗೆ ನೋಡಿದರೆ ಈ ವಿಷಯದಲ್ಲಿ ಭಾವನ ಜೊತೆ ನಿಮಗೂ ಲಾಭ ಇದೆ. ಅಣ್ಣ ಅದನ್ನು ಗಮನಿಸದೆ ಇರ್ತಾರಾ?

ಬೆಲ್ಲದಂಗಡಿ_ಮಂಡ್ಯ:
ಆಗಲೇ ಗಮನಿಸಿದ್ದಾನೆ. ನಾನಿನ್ನೂ ಬಾಯಿ ಬಿಟ್ಟಿಲ್ಲ.